ಐದು ಕೆಲಸಕ್ಕೆ ಸರಿ, ಏಳಕ್ಕೆ ತಪ್ಪು: ಒಂದು ಹೀಪ್ ಅಸೈನ್‌ಮೆಂಟಿನ ಪ್ರಕರಣ ಅಧ್ಯಯನ

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಝೆರಾಕ್ಸ್ ಅಂಗಡಿಗಳಿಗೆ ಬರ ಇಲ್ಲ. ಸೆಮಿಸ್ಟರಿನ ಕೊನೆಯ ವಾರ ಅಲ್ಲಿ ನಿಂತು ನೋಡಬೇಕು. ಒಬ್ಬನಿಗೆ ನಾಲ್ಕೇ ಹಾಳಿ. ಇನ್ನೊಬ್ಬಳಿಗೆ ನೂರು ಪುಟದ ರಿಪೋರ್ಟು, ಮೇಲೆ ಸ್ಪೈರಲ್ ಬೈಂಡಿಂಗ್. ಮೂರನೆಯವನು ಹಿಂದಿನಿಂದ ಕೈ ಚಾಚಿ "ಅಣ್ಣಾ, ಹನ್ನೊಂದಕ್ಕ ಸಬ್‌ಮಿಷನ್ ಐತ್ರಿ, ನಂದಷ್ಟು ಮೊದಲ ಹೊಡದು ಕೊಡ್ರಿ" ಅನ್ನುತ್ತಾನೆ. ನಾಲ್ಕನೆಯವನು ಕೊಟ್ಟ ಕೆಲಸ ಬೇಡ ಅಂತ ವಾಪಸ್ ಕೇಳುತ್ತಾನೆ.

ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಪಾಠಕ್ಕೆ ನಾನು ಅಸೈನ್‌ಮೆಂಟ್ ಮಾಡಿಕೊಂಡದ್ದು ಇದನ್ನೇ. ಅಂಗಡಿಯ ಕೆಲಸಗಳಿಗೆ ಒಂದು ಟಾಸ್ಕ್ ಶೆಡ್ಯೂಲರ್ ಬರೆಯಬೇಕು. ಭಾಷೆ ಸಿ. ಪ್ರತಿ ಕೆಲಸಕ್ಕೆ ಒಂದು ಟೋಕನ್ ನಂಬರ್, ಒಂದು ಆದ್ಯತೆಯ ಅಂಕಿ. ಅಂಕಿ ಸಣ್ಣದಿದ್ದಷ್ಟೂ ಕೆಲಸ ಮೊದಲು. ಕಮಾಂಡುಗಳು ನಾಲ್ಕೇ. `ADD` ಹೊಸ ಕೆಲಸ ಸೇರಿಸುತ್ತದೆ. `NEXT` ಎಲ್ಲಕ್ಕಿಂತ ತುರ್ತಿನದನ್ನು ಹೊರಗೆ ಕೊಡುತ್ತದೆ. `CHANGE` ಆದ್ಯತೆ ಬದಲಿಸುತ್ತದೆ. `CANCEL` ಕೆಲಸವನ್ನು ತೆಗೆದುಹಾಕುತ್ತದೆ. ಒಳಗೆ ಪ್ರಯಾರಿಟಿ ಕ್ಯೂ ಇರಬೇಕು, ಅದನ್ನು ಬೈನರಿ ಹೀಪ್‌ನಿಂದಲೇ ಕಟ್ಟಬೇಕು ಅನ್ನುವುದು ಷರತ್ತು.

ಈ ಬರಹ ಇದನ್ನು ಒಟ್ಟಿಗೆ ಬರೆದ ಒಂದು ವಿದ್ಯಾರ್ಥಿ ಜೋಡಿಯ ಬಗ್ಗೆ. ಹುಡುಗಿ ಅಣ್ಣಿಗೇರಿಯವಳು, ಹುಡುಗ ಕುಂದಗೋಳದವನು. ಇಬ್ಬರೂ ಶ್ರದ್ಧೆಯವರು. ಅವರ ಪ್ರೋಗ್ರಾಮು ನಾನು ಕೊಟ್ಟ ಎಲ್ಲ ಮಾದರಿ ಟೆಸ್ಟುಗಳನ್ನೂ ದಾಟಿತ್ತು. ಆಮೇಲೆ ನಾನು ಲ್ಯಾಬಿನಲ್ಲಿ ಓಡಿಸುವ ದೊಡ್ಡ ಟೆಸ್ಟಿನಲ್ಲಿ ಬಿತ್ತು. ಎಲ್ಲಿ ಬಿತ್ತು, ಯಾಕೆ ಬಿತ್ತು, ಅದು ಯಾಕೆ ಅಷ್ಟು ಹೊತ್ತು ಕಣ್ಣಿಗೆ ಬೀಳಲಿಲ್ಲ ಅನ್ನುವುದೇ ಇಲ್ಲಿನ ವಿಷಯ.

ಅವರು ಕಟ್ಟಿದ್ದು

ಹೀಪ್ ಅಂದರೆ ನಮ್ಮ ಹುಡುಗರು ರಾಶಿ ಅಂತಾರೆ. ಕಣದ ರಾಶಿಯ ಚಿತ್ರ ತಪ್ಪೇನಲ್ಲ, ತುದಿಯಲ್ಲಿ ಒಂದೇ ಕಾಳು ಇರುತ್ತೆ. ಆದರೆ ಪ್ರೋಗ್ರಾಮಿನ ಒಳಗೆ ಅದು ಬರೀ ಒಂದು ಅರೇ, ಅದನ್ನು ಒಂದು ಮರ ಅಂತ ಓದಿಕೊಳ್ಳಬೇಕು. ಇಂಡೆಕ್ಸ್ 0ರಲ್ಲಿ ಎಲ್ಲಕ್ಕಿಂತ ಸಣ್ಣ ಅಂಕಿ. ಇಂಡೆಕ್ಸ್ `i` ಅನ್ನುವುದರ ಮಕ್ಕಳು `2*i+1` ಮತ್ತು `2*i+2`. ಅಪ್ಪ `(i-1)/2`. ನಿಯಮ ಒಂದೇ ಒಂದು: ಯಾವ ಮಗುವೂ ತನ್ನ ಅಪ್ಪನಿಗಿಂತ ಸಣ್ಣದಿರಬಾರದು. ಅಣ್ಣ ತಮ್ಮಂದಿರ ನಡುವೆ ಯಾವ ನಿಯಮವೂ ಇಲ್ಲ. ಕಾಕಾ ಮತ್ತು ಅಣ್ಣನ ಮಗನ ನಡುವೆಯೂ ಇಲ್ಲ. ಈ ಕಾಕಾನ ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ.

ಹೊಸ ಕೆಲಸ ಬಂದರೆ ಅರೇಯ ಕೊನೆಗೆ ಹಾಕಿ, ಅಪ್ಪನಿಗಿಂತ ಸಣ್ಣದಿರುವಷ್ಟು ಹೊತ್ತು ಮೇಲಕ್ಕೆ ಹತ್ತಿಸುವುದು. ಅವರ ಪ್ರೋಗ್ರಾಮಿನಲ್ಲಿ ಇದರ ಹೆಸರು `up`. `NEXT` ಬಂದರೆ 0ನೆಯದನ್ನು ಕೊಟ್ಟು, ಖಾಲಿಯಾದ ಜಾಗಕ್ಕೆ ಅರೇಯ ಕೊನೆಯದನ್ನು ಎತ್ತಿ ತಂದು ಕೂರಿಸಿ, ಸಣ್ಣ ಮಗುವಿನ ಜೊತೆ ಅದಲು ಬದಲು ಮಾಡುತ್ತಾ ಕೆಳಗಿಳಿಸುವುದು. ಅದು `down`. ಸಾವಿರ ಕೆಲಸ ಇದ್ದರೂ ಮರದ ಎತ್ತರ ಹತ್ತೇ ಹಂತ. ಹಾಗಾಗಿ ಎರಡೂ ಬೇಗ ಮುಗಿಯುತ್ತವೆ.

ರದ್ದು ಮಾಡುವುದಕ್ಕೆ ಮಾತ್ರ ಇನ್ನೊಂದು ಸಾಮಾನು ಬೇಕು. ಟೋಕನ್ 57 ರದ್ದು ಮಾಡಿ ಅಂದರೆ ಅದು ಅರೇಯಲ್ಲಿ ಎಲ್ಲಿದೆ ಅಂತ ಹೀಪ್‌ಗೆ ಗೊತ್ತಿರಲ್ಲ. ಮೊದಲಿಂದ ಕೊನೆವರೆಗೆ ಹುಡುಕಿದರೆ ಸಾವಿರ ಹೆಜ್ಜೆ, ಆಮೇಲೆ ಹತ್ತು ಹಂತದ ಜಾಣತನ ಯಾಕೆ? ಅದಕ್ಕೆ ಅವರು `pos` ಅನ್ನುವ ಇನ್ನೊಂದು ಅರೇ ಇಟ್ಟಿದ್ದರು. `pos[57]` ಅಂದರೆ ಟೋಕನ್ 57 ಈಗ ಕೂತಿರುವ ಇಂಡೆಕ್ಸ್. ಹೀಪಿನಲ್ಲಿ ಇಲ್ಲದಿದ್ದರೆ -1. ಯಾವ ಕೆಲಸ ಎಲ್ಲಿಗೆ ಸರಿದರೂ `place` ಅನ್ನುವ ಒಂದೇ ಫಂಕ್ಷನ್ ಮೂಲಕ ಸರಿಯಬೇಕು, ಅದು ಎರಡೂ ಅರೇಗಳನ್ನು ಒಟ್ಟಿಗೆ ಬರೆಯುತ್ತದೆ. ಇದು ಒಳ್ಳೆಯ ಅಭ್ಯಾಸ. ತರಗತಿಯಲ್ಲಿ ಅರ್ಧದಷ್ಟು ಜನ ಇಲ್ಲೇ ಎಡವಿದ್ದರು, ಇವರು ಎಡವಿರಲಿಲ್ಲ.

ಇನ್ನು ಅವರ ರದ್ದು ಫಂಕ್ಷನ್. ಇದರಲ್ಲಿ `h` ಅಂದರೆ ಹೀಪಿನ ಅರೇ, `n` ಅಂದರೆ ಅದರಲ್ಲಿರುವ ಕೆಲಸಗಳ ಸಂಖ್ಯೆ:

```c
void place(int i, Task t) {
    h[i] = t;
    pos[t.id] = i;
}

void cancel(int id) {
    int i = pos[id];
    if (i < 0) return;
    pos[id] = -1;
    n--;
    place(i, h[n]);
    down(i);
}
```

ಓದಿದರೆ ಸರಿಯಾಗಿಯೇ ಕಾಣುತ್ತೆ. ನಾನೂ ಮೊದಲ ಸಲ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಇದರಲ್ಲಿ ಎರಡು ತಪ್ಪುಗಳಿವೆ.

ತಪ್ಪು ಕಂಡದ್ದು

ನನ್ನ ದೊಡ್ಡ ಟೆಸ್ಟು ದೊಡ್ಡದೇನಲ್ಲ. ಯದ್ವಾತದ್ವಾ ಹತ್ತು ಸಾವಿರ ಕಮಾಂಡು ಹುಟ್ಟಿಸುತ್ತದೆ. ಅವನ್ನೇ ಇನ್ನೊಂದು ಪೆದ್ದು ಶೆಡ್ಯೂಲರಿಗೂ ಕೊಡುತ್ತದೆ. ಆ ಪೆದ್ದು ಶೆಡ್ಯೂಲರ್ ಸುಮ್ನೆ ಒಂದು ಅರೇ ಇಟ್ಟುಕೊಂಡು, ಪ್ರತಿ `NEXT`ಗೂ ಇಡೀ ಅರೇ ಹುಡುಕಿ ಸಣ್ಣದನ್ನು ತೆಗೆಯುತ್ತದೆ. ನಿಧಾನ, ಆದರೆ ತಪ್ಪು ಮಾಡುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಇಬ್ಬರ ಉತ್ತರ ಎಲ್ಲಿ ಬೇರೆಯಾಗುತ್ತೋ ಅಲ್ಲಿ ನಿಲ್ಲುತ್ತದೆ. ಹೋಲಿಸುವುದು ಸುಲಭ ಆಗಲಿ ಅಂತ ಆದ್ಯತೆಯ ಅಂಕಿಗಳನ್ನು ಒಂದಕ್ಕೊಂದು ಬೇರೆಯೇ ಇಟ್ಟಿದ್ದೆ.

ಇವರದು ನೂರಾರು ಕಮಾಂಡು ಸರಿಯಾಗಿ ಓಡಿ ಒಂದು ಕಡೆ ನಿಂತಿತು. ಆ ಒಂದು `NEXT`ನಲ್ಲಿ ಬೇರೆ ಕೆಲಸ ಹೊರಗೆ ಬಂದಿತ್ತು.

"ಸರ್, ನಾವು ಕೈಲೆ ಮಾಡಿ ನೋಡೇವ್ರಿ. ಐದ್ ಕೆಲಸ ಹಾಕಿ, ಒಂದೊಂದನ್ನೂ ರದ್ದು ಮಾಡಿ ನೋಡಿದ್ವಿ. ಬರೋಬ್ಬರಿ ಬರ್ತೈತಿ" ಅಂದ ಹುಡುಗ.

ಸುಳ್ಳು ಹೇಳಿರಲಿಲ್ಲ. ಹಾಳಿಯ ಮೇಲೆ ಐದು ಗುಂಡುಗಳ ಮರ ಬರೆದು, ಐದರಲ್ಲಿ ಪ್ರತಿಯೊಂದನ್ನೂ ತೆಗೆದು ನೋಡಿದ್ದ ಚಿತ್ರಗಳು ಇದ್ದವು. ಎಲ್ಲ ಸರಿ. ನನ್ನ ಮಾದರಿ ಟೆಸ್ಟುಗಳಲ್ಲೂ ಯಾವತ್ತೂ ಐದಕ್ಕಿಂತ ಜಾಸ್ತಿ ಕೆಲಸ ಒಟ್ಟಿಗೆ ಇರಲಿಲ್ಲ. ಬೋರ್ಡಿನ ಮೇಲೆ ಬರೆಯಲು ಸುಲಭ ಅಂತ ಹಾಗೆ ಮಾಡಿದ್ದೆ. ಆ ಮಟ್ಟಿಗೆ ತಪ್ಪು ನನ್ನದೂ ಹೌದು.

ಬಿದ್ದ ಟೆಸ್ಟನ್ನು ಹಾಗೇ ನೋಡಿದರೆ ತಲೆ ಕೆಡುತ್ತೆ. ಅದನ್ನು ಇಳಿಸಿಕೊಳ್ಳಬೇಕು. ಒಂದೊಂದೇ ಕಮಾಂಡು ತೆಗೆದು ಮತ್ತೆ ಓಡಿಸುವುದು. ಇನ್ನೂ ತಪ್ಪು ಬರುತ್ತಿದ್ದರೆ ಆ ಕಮಾಂಡು ಬೇಕಿರಲಿಲ್ಲ ಅಂತ ಅರ್ಥ. ಹುಡುಗಿ ಮಧ್ಯಾಹ್ನವೆಲ್ಲ ಕೂತು ಇದನ್ನೇ ಮಾಡಿದಳು. ಕೊನೆಗೆ ಉಳಿದದ್ದು ಏಳು `ADD`, ಒಂದು `CANCEL`, ಮೂರು `NEXT`. ಅಂಕಿಗಳನ್ನು ಸಣ್ಣದು ಮಾಡಿಕೊಂಡಾಗ ಹೀಗಿತ್ತು: 1, 10, 2, 11, 12, 9, 3 ಇದೇ ಕ್ರಮದಲ್ಲಿ ಸೇರಿಸು, 11 ಅನ್ನು ರದ್ದು ಮಾಡು, ಮೂರು ಸಲ `NEXT`. ಬರಬೇಕಾದದ್ದು 1, 2, 3. ಬಂದದ್ದು 1, 2, 9.

ಏಳು ಕೆಲಸದ ಮರ

ಈ ಕ್ರಮದಲ್ಲಿ ಸೇರಿಸಿದರೆ ಯಾವುದೂ ಮೇಲೆ ಹತ್ತುವುದಿಲ್ಲ, ಅರೇ ಬಂದ ಹಾಗೇ ಇರುತ್ತದೆ. ಮರವಾಗಿ ಬರೆದರೆ:

```
          1
      10      2
    11  12   9  3
```

ನಿಯಮ ಸರಿಯಾಗಿದೆ. ಎಡಗಡೆ ಎಲ್ಲ ದೊಡ್ಡ ಅಂಕಿಗಳು, ಬಲಗಡೆ ಸಣ್ಣವು. ಹೀಪಿಗೆ ಅದರಿಂದ ತೊಂದರೆ ಇಲ್ಲ.

ಈಗ 11 ರದ್ದು. ಅದರ ಜಾಗ ಇಂಡೆಕ್ಸ್ 3. ಅಲ್ಲಿಗೆ ಅರೇಯ ಕೊನೆಯದಾದ 3 ಬಂದು ಕೂರುತ್ತದೆ. ಆಮೇಲೆ `down`. ಇಂಡೆಕ್ಸ್ 3ಕ್ಕೆ ಈಗ ಮಕ್ಕಳೇ ಇಲ್ಲ, ಹಾಗಾಗಿ `down` ಏನೂ ಮಾಡದೆ ವಾಪಸ್ ಬರುತ್ತದೆ:

```
          1
      10      2
    3   12   9
```

3ರ ತಲೆಯ ಮೇಲೆ 10 ಕೂತಿದೆ. ನಿಯಮ ಮುರಿಯಿತು.

ಹುಡುಗ ಸ್ವಲ್ಪ ಹೊತ್ತು ನೋಡಿ, "ಆದ್ರ ಸರ್, ಕೊನೀದು ಅಂದ್ರ ಎಲ್ಲಕ್ಕಿಂತ ದೊಡ್ಡದು ಇರತೈತಲ್ರಿ? ಕೆಳಗ ಹೋಗಬೇಕಲ್ಲ?" ಅಂದ.

ಇಡೀ ಪ್ರಕರಣದ ಗಂಟು ಇರುವುದು ಈ ಪ್ರಶ್ನೆಯಲ್ಲಿ. ಕೊನೆಯದು ದೊಡ್ಡದು ಅಂತ ಹೀಪ್ ಎಲ್ಲೂ ಮಾತು ಕೊಟ್ಟಿಲ್ಲ. ಕೊನೆಯದು ತನ್ನ ಅಪ್ಪನಿಗಿಂತ, ಅಪ್ಪನ ಅಪ್ಪನಿಗಿಂತ ಸಣ್ಣದಲ್ಲ, ಅಷ್ಟೇ. 3 ತನ್ನ ಅಪ್ಪ 2ರ ಮನೆಯಲ್ಲಿ ನೆಟ್ಟಗಿತ್ತು. ಅದನ್ನು ಎತ್ತಿ ಕಾಕಾನ ಮನೆಗೆ ದತ್ತು ಕೊಟ್ಟಂತಾಯಿತು. ಕಾಕಾ 10. ಕಾಕಾನಿಗೂ ಈ ಹುಡುಗನಿಗೂ ನಡುವೆ ಹೀಪಿನ ನಿಯಮ ಯಾವತ್ತೂ ಏನೂ ಹೇಳಿರಲಿಲ್ಲ. ಹಾಗಾಗಿ ಹೊಸ ಮನೆಯಲ್ಲಿ ಅವನು ಕೆಳಗೆ ಹೋಗಬೇಕಾಗಬಹುದು, ಮೇಲೆ ಹತ್ತಬೇಕಾಗಬಹುದು, ಅಲ್ಲೇ ಇರಲೂಬಹುದು. ಮೊದಲೇ ಹೇಳಲು ಬರುವುದಿಲ್ಲ.

`NEXT`ನಲ್ಲಿ ಈ ತೊಂದರೆ ಯಾಕಿಲ್ಲ? ಅಲ್ಲೂ ಕೊನೆಯದನ್ನೇ ತರುತ್ತೇವಲ್ಲ. ಅಲ್ಲಿ ಖಾಲಿಯಾಗುವುದು ಮರದ ತುದಿ. ತುದಿಗೆ ಅಪ್ಪನೇ ಇಲ್ಲ, ಮೇಲೆ ಹತ್ತುವ ಮಾತೇ ಬರಲ್ಲ. ಇವರು `NEXT`ನ ಕೋಡನ್ನು ನಕಲು ಮಾಡಿ, 0 ಇದ್ದಲ್ಲಿ `i` ಹಾಕಿ `cancel` ಮಾಡಿಕೊಂಡಿದ್ದರು. `CHANGE`ನಲ್ಲಿ ಮಾತ್ರ ಸರಿಯಾಗಿ ಬರೆದಿದ್ದರು. ಅಲ್ಲಿ ಹಳೆಯ ಅಂಕಿ, ಹೊಸ ಅಂಕಿ ಎರಡೂ ಕಣ್ಣ ಮುಂದೆ ಇರುತ್ತವೆ. ಸಣ್ಣದಾದರೆ `up`, ದೊಡ್ಡದಾದರೆ `down` ಅಂತ ತಾನಾಗಿಯೇ ಹೊಳೆಯುತ್ತೆ. ರದ್ದು ಮಾಡುವಾಗ ಹೋಲಿಸಬೇಕು ಅನ್ನುವುದೇ ಹೊಳೆಯಲ್ಲ.

ಪಠ್ಯಪುಸ್ತಕದ ಹೀಪ್ ಪಾಠವೂ ಇದಕ್ಕೆ ಸ್ವಲ್ಪ ಕಾರಣ ಅಂತ ನನ್ನ ಅನಿಸಿಕೆ. 1964ರಲ್ಲಿ ಜೆ. ಡಬ್ಲ್ಯು. ಜೆ. ವಿಲಿಯಮ್ಸ್ ಹೀಪನ್ನು ಪ್ರಕಟಿಸಿದ್ದು ಹೀಪ್‌ಸಾರ್ಟಿಗಾಗಿ, ಅಂದರೆ ಅಂಕಿಗಳನ್ನು ಕ್ರಮವಾಗಿ ಜೋಡಿಸುವುದಕ್ಕೆ. ಅದರಲ್ಲಿ ತೆಗೆಯುವುದು ಯಾವಾಗಲೂ ತುದಿಯಿಂದಲೇ. ನಡುವಿನಿಂದ ಕೀಳುವ ಪ್ರಸಂಗವೇ ಬರಲ್ಲ. ನಾವೂ ಪಾಠವನ್ನು ಹೀಪ್‌ಸಾರ್ಟಿನ ದಾರಿಯಲ್ಲೇ ಮಾಡುತ್ತೇವೆ, ಆಮೇಲೆ ಅಸೈನ್‌ಮೆಂಟಿನಲ್ಲಿ ರದ್ದು ಮಾಡಿ ಅಂತ ಕೇಳುತ್ತೇವೆ.

ಮುರಿದದ್ದು ತಾನೇ ಸರಿಹೋಗುವ ಮೋಜು

ನಿಯಮ ಮುರಿದ ಮೇಲೂ ಮೊದಲ ಎರಡು ಉತ್ತರ ಸರಿಯಾಗಿಯೇ ಬಂದವಲ್ಲ. ಮೂರನೆಯದು ಹೇಗೆ ತಪ್ಪಿತು ಅಂತ ಅರೇಯಲ್ಲೇ ನೋಡೋಣ.

```
ರದ್ದಾದ ಮೇಲೆ     : 1 10 2 3 12 9
NEXT -> 1, ಉಳಿದದ್ದು: 2 10 9 3 12
NEXT -> 2, ಉಳಿದದ್ದು: 9 10 12 3
NEXT -> 9
```

1 ಹೋದಾಗ ಕೊನೆಯ 9 ತುದಿಗೆ ಬಂತು, ಮಕ್ಕಳಾದ 10 ಮತ್ತು 2ರಲ್ಲಿ ಸಣ್ಣದಾದ 2ರ ಜೊತೆ ಜಾಗ ಬದಲಿಸಿತು. 2 ಹೋದಾಗ 12 ತುದಿಗೆ ಬಂದು 9ರ ಜೊತೆ ಬದಲಾಯಿತು. ಈಗ ತುದಿಯಲ್ಲಿ 9 ಇದೆ. 3 ಮಾತ್ರ 10ರ ಬೆನ್ನ ಹಿಂದೆ ಅಡಗಿ ಕೂತಿದೆ. `down` ಹಾದುಹೋದದ್ದೆಲ್ಲ ಬಲಗಡೆಯಿಂದ. ಎಡಗಡೆ ಕೂತಿದ್ದ 3ರ ಕಡೆ ಅದು ತಿರುಗಿಯೂ ನೋಡಲಿಲ್ಲ.

ಇದೇ ಏಳು ಕೆಲಸದಲ್ಲಿ ಕೊನೆಯ ಎರಡು ಅಂಕಿಗಳನ್ನು 9 ಮತ್ತು 3ರ ಬದಲು 3 ಮತ್ತು 4 ಮಾಡಿ ನೋಡಿ. 11 ರದ್ದಾದ ಮೇಲೆ ಅರೇ 1, 10, 2, 4, 12, 3. 10ರ ಕೆಳಗೆ 4. ನಿಯಮ ಮುರಿದೇ ಇದೆ. ಆದರೆ `NEXT` ಒತ್ತುತ್ತಾ ಹೋದರೆ 1, 2, 3, 4, 10, 12 ಅಂತ ಚೊಕ್ಕವಾಗಿ ಬರುತ್ತೆ! ಯಾಕೆ ಅಂದರೆ ಮೂರನೇ `NEXT`ನ ಹೊತ್ತಿಗೆ 4 ಅರೇಯ ಕೊನೆಗೆ ಬಂದಿರುತ್ತದೆ. `NEXT` ಯಾವಾಗಲೂ ಕೊನೆಯದನ್ನೇ ಎತ್ತಿ ತುದಿಗೆ ಇಡುತ್ತದೆ. ತಪ್ಪು ಜಾಗದಲ್ಲಿ ಕೂತಿದ್ದ 4ಕ್ಕೆ ಪುಕ್ಕಟೆ ಲಿಫ್ಟ್ ಸಿಕ್ಕಿತು.

ಇದನ್ನು ನೋಡಿದ ಹುಡುಗಿಗೆ ಒಂದು ಪ್ರಶ್ನೆ ಹುಟ್ಟಿತು. ಈ ತಪ್ಪು ಕಾಣಲು ಕನಿಷ್ಠ ಎಷ್ಟು ಕೆಲಸ ಬೇಕು? ಸಂಜೆ ಧಾರವಾಡದ ಕಡೆ ಹೋಗುವ ಚಿಗರಿ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳಂತೆ. ಮರುದಿನ ತಂದ ಉತ್ತರ ನನಗೆ ಬಹಳ ಹಿಡಿಸಿತು.

ಐದು ಕೆಲಸದಲ್ಲಿ ಹೀಪ್ ಮುರಿಯುವುದೇ ಇಲ್ಲ. ಕೊನೆಯದು ಇಂಡೆಕ್ಸ್ 4, ಅದರ ಅಪ್ಪ ಇಂಡೆಕ್ಸ್ 1. ಅದನ್ನು ಇಂಡೆಕ್ಸ್ 3ಕ್ಕೆ ತಂದರೆ ಅಪ್ಪ ಅವನೇ. 1ಕ್ಕೋ 2ಕ್ಕೋ ತಂದರೆ ಮೇಲಿರುವುದು ತುದಿ, ಅದು ಎಲ್ಲಕ್ಕಿಂತ ಸಣ್ಣದು. ಕಾಕಾನ ಮನೆಗೆ ಹೋಗುವ ದಾರಿಯೇ ಇಲ್ಲ. ನಾನು ಐದು ಕೆಲಸದ ಟೆಸ್ಟು ಐನೂರು ಕೊಟ್ಟಿದ್ದರೂ ಈ ತಪ್ಪು ಸಿಗುತ್ತಿರಲಿಲ್ಲ.

ಆರು ಕೆಲಸ ಇದ್ದರೆ ಕೊನೆಯದು ಇಂಡೆಕ್ಸ್ 5, ಅಪ್ಪ ಇಂಡೆಕ್ಸ್ 2. ರದ್ದಾಗುವುದು 3 ಅಥವಾ 4 ಆದರೆ ಹೀಪ್ ಮುರಿಯಬಹುದು. ಆದರೆ ಆಮೇಲೆ ಬರೀ `NEXT` ಕೊಡುತ್ತಾ ಹೋದರೆ ಉತ್ತರ ಯಾವಾಗಲೂ ಸರಿಯೇ. ಉಳಿದ ಐದರಲ್ಲಿ ತಪ್ಪು ಜಾಗದಲ್ಲಿರುವುದು ಎರಡು `NEXT` ಒಳಗೆ ಕೊನೆಯದಾಗಿ ಲಿಫ್ಟ್ ಪಡೆದುಬಿಡುತ್ತದೆ. ಅಲ್ಲಿಯವರೆಗೆ ಹೊರಗೆ ಬರುವುದು ತುದಿಯಲ್ಲಿದ್ದದ್ದು ಮತ್ತು ಅದರ ಹಳೆಯ ಅಪ್ಪ. ಇಬ್ಬರೂ ಅದಕ್ಕಿಂತ ಮೊದಲೇ ಬರಬೇಕಾದವರು. ಏಳಕ್ಕೆ ಬಂದ ಮೇಲೆಯೇ ಉತ್ತರದಲ್ಲಿ ತಪ್ಪು ಕಾಣಬಹುದು, ಅದೂ ಅಂಕಿಗಳು ಹೊಂದಿದರೆ ಮಾತ್ರ.

ಉತ್ತರ ಬಿಟ್ಟು ಹೀಪನ್ನೇ ನೋಡುವುದು

ಅಂದರೆ ಹೊರಗೆ ಬಂದ ಕ್ರಮವನ್ನು ಮಾತ್ರ ನೋಡುವ ಟೆಸ್ಟು ಈ ಥರದ ತಪ್ಪಿಗೆ ಬಹಳ ತಡವಾಗಿ ಎಚ್ಚರಗೊಳ್ಳುತ್ತದೆ. ತಪ್ಪಾದದ್ದು `CANCEL`ನಲ್ಲಿ, ಕಂಡದ್ದು ಮೂರು `NEXT` ಆದ ಮೇಲೆ. ನಿಜವಾದ ಟೆಸ್ಟಿನಲ್ಲಿ ಆ ಅಂತರ ನೂರು ಕಮಾಂಡೂ ಆಗಬಹುದು. ಹಾಗಾಗಿ ಪ್ರತಿ ಕಮಾಂಡಿನ ನಂತರ ಹೀಪಿನ ನಿಯಮವನ್ನೇ ನೇರವಾಗಿ ನೋಡುವ ಒಂದು ಫಂಕ್ಷನ್ ಬರೆಯಿರಿ ಅಂದೆ. ಬರೆದರು. ಇದರಲ್ಲಿ `less` ಮೊದಲ ಕೆಲಸ ಎರಡನೆಯದಕ್ಕಿಂತ ಸಣ್ಣದೋ ಅಂತ ಹೇಳುತ್ತದೆ:

```c
int check(void) {
    for (int i = 0; i < n; i++) {
        if (i > 0 && less(h[i], h[(i-1)/2]))
            return i;
        if (pos[h[i].id] != i)
            return i;
    }
    return -1;
}
```

ಎಲ್ಲ ಸರಿ ಇದ್ದರೆ -1, ಇಲ್ಲವಾದರೆ ಕೆಟ್ಟ ಜಾಗದ ಇಂಡೆಕ್ಸ್. ಇದು ಇಡೀ ಅರೇ ಓಡುತ್ತದೆ, ನಿಧಾನ. ಟೆಸ್ಟು ಮಾಡುವಾಗ ಮಾತ್ರ ಇಟ್ಟುಕೊಂಡು ಕೊನೆಗೆ ತೆಗೆದರಾಯಿತು. ಏಳು ಕೆಲಸದ ಉದಾಹರಣೆಯಲ್ಲಿ `CANCEL` ಮುಗಿದ ಕೂಡಲೇ ಇದು 3 ಅಂತ ಕೊಟ್ಟಿತು. 9 ಹೊರಗೆ ಬರುವವರೆಗೆ ಕಾಯಬೇಕಾಗಲಿಲ್ಲ. ಉತ್ತರ ಸರಿ ಬರುತ್ತಿದ್ದ ಆರು ಕೆಲಸದ ಟೆಸ್ಟಿನಲ್ಲೂ ಹಿಡಿಯಿತು.

ರಿಪೇರಿಗೆ `down(i);` ಸಾಲಿಗೆ ಮುಂಚೆ `up(i);` ಅಂತ ಒಂದು ಸಾಲು ಸೇರಿಸಿದರು. `check` ಸುಮ್ಮನಾಯಿತು. ಖುಷಿಯಿಂದ ನನ್ನ ದೊಡ್ಡ ಟೆಸ್ಟು ಮತ್ತೆ ಓಡಿಸಿದರು. ಮತ್ತೆ ಬಿತ್ತು.

ಎರಡನೇ ತಪ್ಪು: ಹೋದವನ ಹೆಸರು ಪಟ್ಟಿಯಲ್ಲಿ

ಈ ಸಲ ಕ್ರಮ ತಪ್ಪಿರಲಿಲ್ಲ. ಒಂದು ಕೆಲಸವೇ ಮಾಯವಾಗಿತ್ತು. ಪೆದ್ದು ಶೆಡ್ಯೂಲರ್ ಟೋಕನ್ ಕೊಡುತ್ತಿದೆ, ಇವರ ಹೀಪಿನಲ್ಲಿ ಆ ಟೋಕನ್ನೇ ಇಲ್ಲ. `check` ಮಾತ್ರ -1, ಅಂದರೆ ಎಲ್ಲ ಸರಿ ಅನ್ನುತ್ತಿದೆ.

ಇದು ಅದೇ `cancel` ಫಂಕ್ಷನ್ನಿನ ಇನ್ನೊಂದು ಮೂಲೆ. ರದ್ದಾಗುವ ಕೆಲಸವೇ ಅರೇಯ ಕೊನೆಯದಾಗಿದ್ದರೆ ಏನಾಗುತ್ತದೆ ನೋಡಿ. `pos[id]`ಗೆ -1 ಬರೆದರು. `n` ಒಂದು ಕಮ್ಮಿಯಾಯಿತು. ಈಗ `i` ಮತ್ತು `n` ಎರಡೂ ಒಂದೇ. `place(i, h[n])` ಅಂದರೆ ಆ ಕೆಲಸವನ್ನು ಅದರದೇ ಜಾಗಕ್ಕೆ ಮತ್ತೆ ಇಟ್ಟಂತೆ. ಜಾಗ ಹೀಪಿನ ಹೊರಗಿದೆ, ಅದರಿಂದ ತೊಂದರೆ ಇಲ್ಲ. ಆದರೆ `place` ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ. `pos[id]`ಗೆ ಮತ್ತೆ `i` ಬರೆದುಬಿಡುತ್ತದೆ. ಆಗಷ್ಟೇ ಹಾಕಿದ -1 ಅಳಿಸಿಹೋಯಿತು. ಮನುಷ್ಯ ಹೋದ, ರೇಷನ್ ಕಾರ್ಡಿನಲ್ಲಿ ಹೆಸರು ಉಳಿಯಿತು.

ಕೂಡಲೇ ಏನೂ ಆಗಲ್ಲ. ಆಮೇಲೆ ಅದೇ ಖಾಲಿ ಜಾಗಕ್ಕೆ ಹೊಸ ಕೆಲಸ ಬಂದು ಕೂರುತ್ತದೆ. ಅಷ್ಟರಲ್ಲಿ ಹಳೆಯ ಗಿರಾಕಿ "ನಂದು ರದ್ದಾತೋ ಇಲ್ಲೋ" ಅಂತ ಅನುಮಾನದಿಂದ ಇನ್ನೊಮ್ಮೆ `CANCEL` ಕೊಡುತ್ತಾನೆ. `if (i < 0) return;` ಅವನನ್ನು ತಡೆಯಬೇಕಿತ್ತು, ತಡೆಯುವುದಿಲ್ಲ. ಹಳೆಯವನ ಹೆಸರಿನಲ್ಲಿ ಹೊಸಬನ ಕೆಲಸ ಹಾರಿಹೋಗುತ್ತದೆ. ಉಳಿದ ಹೀಪ್ ನೆಟ್ಟಗೇ ಇರುತ್ತದೆ, ಅದಕ್ಕೇ `check`ಗೆ ಏನೂ ಕಾಣಲಿಲ್ಲ. ಅದು ಹೀಪಿನ ಒಳಗಿರುವವರನ್ನು ಮಾತ್ರ ನೋಡುತ್ತದೆ, ಹೊರಗೆ ಉಳಿದ ಹೆಸರುಗಳನ್ನು ನೋಡುವುದಿಲ್ಲ.

ಇದನ್ನು ಹಿಡಿಯಲು ಇನ್ನೊಂದು ಎಣಿಕೆ ಬೇಕಾಯಿತು. `pos` ಅರೇಯಲ್ಲಿ 0 ಅಥವಾ ಅದಕ್ಕಿಂತ ದೊಡ್ಡ ಅಂಕಿ ಇರುವ ಟೋಕನ್‌ಗಳನ್ನು ಎಣಿಸಿದರೆ ಅದು ಸರಿಯಾಗಿ `n` ಇರಬೇಕು. ಒಂದು ಜಾಸ್ತಿ ಬಂದರೂ ಯಾರದೋ ಹೆಸರು ಉಳಿದಿದೆ ಅಂತ ಅರ್ಥ. ಎರಡೂ ತಪ್ಪು ತಿದ್ದಿದ ಮೇಲೆ ಫಂಕ್ಷನ್ ಹೀಗಾಯಿತು:

```c
void cancel(int id) {
    int i = pos[id];
    if (i < 0) return;
    pos[id] = -1;
    n--;
    if (i == n) return;
    place(i, h[n]);
    up(i);
    down(i);
}
```

ಹತ್ತು ಸಾವಿರ ಕಮಾಂಡು ದಾಟಿತು. ಯದ್ವಾತದ್ವಾ ಕಮಾಂಡು ಹುಟ್ಟಿಸುವ ಬೀಜದ ಅಂಕಿ ಬದಲಿಸಿ ಮತ್ತೆ ಮತ್ತೆ ಓಡಿಸಿದರೂ ದಾಟಿತು.

ಒಂದೇ ಅಂಕಿಯ ಜಗಳ

ಅಲ್ಲಿಯವರೆಗೆ ಎಲ್ಲ ಅಂಕಿಗಳೂ ಬೇರೆ ಬೇರೆ. ಅಂಗಡಿಯಲ್ಲಿ ಹಾಗಿರಲ್ಲ, ಎಲ್ಲರದೂ ಹನ್ನೊಂದಕ್ಕೇ ಸಬ್‌ಮಿಷನ್. ಆದ್ಯತೆ 5 ಇರುವ ಮೂರು ಕೆಲಸ, ಟೋಕನ್ 1, 2, 3 ಅಂತ ಬಂದವು ಅನ್ನಿ. `NEXT` ಟೋಕನ್ 1 ಕೊಡುತ್ತದೆ. ಕೊನೆಯದಾದ 3 ತುದಿಗೆ ಬರುತ್ತದೆ. 2 ಅದಕ್ಕಿಂತ ಸಣ್ಣದಲ್ಲ, ಸಮ. ಹಾಗಾಗಿ ಅದಲು ಬದಲು ಆಗುವುದಿಲ್ಲ. ಮುಂದಿನ `NEXT` ಟೋಕನ್ 3. ಎರಡನೆಯವನು ಕೌಂಟರಿನಲ್ಲಿ ಜಗಳ ತೆಗೆಯುತ್ತಾನೆ, ಅವನದು ತಪ್ಪಲ್ಲ.

ಹೀಪಿನ ನಿಯಮ ಇಲ್ಲಿ ಮುರಿದಿಲ್ಲ, ಯಾರು ಮೊದಲು ಬಂದರು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಪ್ರತಿ `ADD`ಗೂ ಏರುತ್ತಾ ಹೋಗುವ ಒಂದು ಸರದಿ ಅಂಕಿ ಕೊಟ್ಟು, `less`ನಲ್ಲಿ ಆದ್ಯತೆ ಸಮ ಇದ್ದಾಗ ಸರದಿ ನೋಡಿದರೆ ಮುಗಿಯಿತು. ಟೋಕನ್ ನಂಬರನ್ನೇ ಸರದಿ ಮಾಡಿಕೊಳ್ಳಬಹುದಲ್ವಾ ಅಂತ ಹುಡುಗ ಕೇಳಿದ. ಟೋಕನ್ ಚೀಟಿ ಮುಗಿದು ಮತ್ತೆ 1ರಿಂದ ಶುರುವಾದ ದಿನ ಅದು ಕೈಕೊಡುತ್ತೆ. ಬೇರೆ ಅಂಕಿಯೇ ಇರಲಿ.

ಬೇರೆ ಜೋಡಿಯ ದಾರಿ

ಅದೇ ತರಗತಿಯ ಇನ್ನೊಂದು ಜೋಡಿ ಈ ಗೋಜಿಗೇ ಹೋಗಿರಲಿಲ್ಲ. ರದ್ದು ಅಂದರೆ ಆ ಕೆಲಸದ ಮೇಲೆ ಗುರುತು ಹಾಕುವುದು ಅಷ್ಟೇ. `NEXT` ತೆಗೆಯುವಾಗ ಗುರುತಿರುವುದು ಬಂದರೆ ಬಿಸಾಡಿ ಮುಂದಿನದು ತೆಗೆಯುವುದು. ನಡುವಿನಿಂದ ಕೀಳುವುದಿಲ್ಲ, `pos`ನಲ್ಲಿ ಜಾಗ ಬರೆದಿಡುವುದಿಲ್ಲ. ಹಾಗಾಗಿ ಮೇಲಿನ ಎರಡೂ ತಪ್ಪು ಅವರಿಗೆ ಬರಲು ಸಾಧ್ಯವೇ ಇರಲಿಲ್ಲ. ಪೈಥಾನಿನ `heapq` ಮಾಡ್ಯೂಲಿನ ಜೊತೆ ಬರುವ ಟಿಪ್ಪಣಿಯಲ್ಲೂ ಇದೇ ದಾರಿ ಇದೆ, ಸರದಿ ಅಂಕಿಯ ಉಪಾಯವೂ ಅಲ್ಲೇ ಇದೆ.

ರದ್ದು ಕಮ್ಮಿ ಇದ್ದರೆ ನಾನೂ ಇದನ್ನೇ ಆರಿಸುತ್ತೇನೆ. ಆದರೆ ರದ್ದೇ ಜಾಸ್ತಿಯಾದರೆ ಸತ್ತ ಕೆಲಸಗಳು ಹೀಪಿನಲ್ಲಿ ತುಂಬಿಕೊಳ್ಳುತ್ತವೆ. ಅದರಲ್ಲೂ ದೊಡ್ಡ ಅಂಕಿಯವು ತುದಿಗೆ ಬರುವುದೇ ಇಲ್ಲ, ಜಾಗ ಹಿಡಿದು ಕೂತೇ ಇರುತ್ತವೆ. ಆ ಜೋಡಿಯ ಪ್ರೋಗ್ರಾಮು ರದ್ದು ಹೆಚ್ಚಿದ್ದ ಒಂದು ಟೆಸ್ಟಿನಲ್ಲಿ ಅರೇ ತುಂಬಿ ನಿಂತಿತು. ಹೀಪಿನಲ್ಲಿದ್ದ ಜೀವಂತ ಕೆಲಸ ಬೆರಳೆಣಿಕೆಯಷ್ಟು.

ಜಾವಾದ `PriorityQueue` ನಡುವಿನಿಂದಲೂ ತೆಗೆಯುತ್ತದೆ. ಅದರ ಒಳಗಿನ `removeAt` ಮೊದಲು ಕೆಳಗಿಳಿಸಿ ನೋಡುತ್ತದೆ. ತಂದ ಕೆಲಸ ಇಟ್ಟ ಜಾಗದಲ್ಲೇ ಉಳಿದಿದ್ದರೆ ಮೇಲಕ್ಕೆ ಹತ್ತಿಸಿ ನೋಡುತ್ತದೆ. ಕೊನೆಯದನ್ನೇ ತೆಗೆಯುವ ಪ್ರಸಂಗಕ್ಕೆ ಬೇರೆ ಸಾಲು ಇದೆ. ಅದನ್ನು ತೋರಿಸಿದಾಗ ಹುಡುಗನ ಮುಖ ಅರಳಿತು. ತಾವು ಎಡವಿದ ಎರಡೂ ಕಲ್ಲುಗಳನ್ನು ಬೇರೆ ಯಾರೋ ದಾಟಿ ಹೋದ ಗುರುತು ಅಲ್ಲಿ ಇತ್ತು.

ವೈವಾ

ವೈವಾದಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. `up(i)` ಆದ ಕೂಡಲೇ ಏನೂ ನೋಡದೆ `down(i)` ಕರೆದಿದ್ದೀರಿ. ತಂದ ಕೆಲಸ ಮೇಲೆ ಹತ್ತಿಹೋಗಿದ್ದರೆ `i`ಯಲ್ಲಿ ಈಗ ಬೇರೆ ಯಾರೋ ಇರುತ್ತಾರಲ್ಲ, ಅವರನ್ನು ಸುಮ್ನೆ ಕೆಳಗೆ ತಳ್ಳಿದಂತೆ ಆಗಲ್ವಾ?

ಹುಡುಗಿ ಬೋರ್ಡಿಗೆ ಹೋಗಿ ಅದೇ ಮರ ಬರೆದಳು. 3ನ್ನು ಅಳಿಸಿ 10ರ ಜಾಗಕ್ಕೆ ಹಾಕಿದಳು, 10ನ್ನು ಕೆಳಗೆ ಬರೆದಳು.

"ಸರ್, ಹತ್ತಿದ್ರ ಅಲ್ಲಿಗೆ ಬರೋದು ಅದರ ಹಳೇ ಅಪ್ಪಾನ ರೀ. ಆ ಜಾಗದ ಕೆಳಗ ಇರೋರೆಲ್ಲಾ ಮೊದಲಿಂದನೂ ಅವನ ಮೊಮ್ಮಕ್ಕಳು, ಯಾರೂ ಅವಗಿಂತ ಸಣ್ಣವರಿಲ್ಲ. ಅದಕ್ಕ `down` ಕರದ್ರೂ ಅಂವ ಅಲ್ಲೇ ಕೂಡತಾನ್ರಿ. ಹತ್ತಲಿಲ್ಲಂದ್ರ ಅಷ್ಟ `down`ಗ ಕೆಲಸ."

"ಮತ್ತ ಮೊದಲು `down`, ಆಮ್ಯಾಲೆ `up` ಬರದ್ರ?" ಅಂದೆ ನಾನು.

ಸೀಮೆಸುಣ್ಣ ಕೈಯಲ್ಲೇ ಹಿಡಿದು ಅರ್ಧ ನಿಮಿಷ ನಿಂತಳು. ಕುಂದಗೋಳದವನು ಹಿಂದಿನಿಂದ ಹೇಳಿದ: "ಅದೂ ನಡೀತೈತ್ರಿ ಸರ್. ಇಳದ್ರ ಆ ಜಾಗಕ್ಕ ಮ್ಯಾಲ ಬರೋದು ಅಲ್ಲೇ ಕೆಳಗ ಇದ್ದಾಂವ. ಅಂವಗ ಮ್ಯಾಲಿನವರು ಮೊದಲಿಂದನೂ ಅಪ್ಪ, ಅಜ್ಜನ ರೀ."